ಎಂಟು ಪಿಕ್ಸೆಲ್‌ಗಳ ಜಾಡು ಹಿಡಿದು

ಮುಖ ಗುರುತಿಸುವ ಅನೇಕ ತಂತ್ರಾಂಶಗಳ ಒಳಗೆ ಒಂದೇ ಹತ್ತು ಸಂಖ್ಯೆಗಳು ಸಿಗುತ್ತವೆ. ಬರೆದವರು ಬೇರೆ, ಭಾಷೆ ಬೇರೆ, ಬಳಕೆ ಬೇರೆ. ಸಂಖ್ಯೆಗಳು ಮಾತ್ರ ದಶಾಂಶದ ನಾಲ್ಕನೇ ಸ್ಥಾನದವರೆಗೂ ಅವೇ.

```
38.2946  51.6963
73.5318  51.5014
56.0252  71.7366
41.5493  92.3655
70.7299  92.2041
```

ಮೊದಲ ಸಾಲು ಚಿತ್ರದ ಎಡಗಡೆಗೆ ಕಾಣುವ ಕಣ್ಣು, ಎರಡನೆಯದು ಬಲಗಡೆಯ ಕಣ್ಣು, ಮೂರನೆಯದು ಮೂಗಿನ ತುದಿ, ಕೊನೆಯ ಎರಡು ಬಾಯಿಯ ಎರಡು ಕೊನೆಗಳು. 112 ಪಿಕ್ಸೆಲ್ ಅಗಲ, 112 ಪಿಕ್ಸೆಲ್ ಎತ್ತರದ ಒಂದು ಚೌಕದಲ್ಲಿ ಈ ಐದು ಗುರುತುಗಳು ಎಲ್ಲಿ ಕೂರಬೇಕೆಂದು ಇವು ಹೇಳುತ್ತವೆ. ಫೋಟೋದಲ್ಲಿ ಮುಖ ಎಲ್ಲೇ ಇರಲಿ, ಎಷ್ಟೇ ವಾಲಿರಲಿ, ಅದನ್ನು ತಿರುಗಿಸಿ, ಹಿಗ್ಗಿಸಿ ಅಥವಾ ಕುಗ್ಗಿಸಿ, ಸರಿಸಿ ಈ ಐದು ಜಾಗಗಳಿಗೆ ಆದಷ್ಟು ಹತ್ತಿರ ತಂದು ಕೂರಿಸುತ್ತಾರೆ. ಮುಖ ಯಾರದೆಂದು ಹೇಳುವ ಕೆಲಸ ಶುರುವಾಗುವುದು ಆಮೇಲೆ.

ಹಳೆಯ ಗುಂಪು ಫೋಟೋಗಳಲ್ಲಿ ಒಬ್ಬರನ್ನೇ ವರ್ಷದಿಂದ ವರ್ಷಕ್ಕೆ ಹಿಂಬಾಲಿಸುವ ಕೆಲಸವೊಂದರಲ್ಲಿ ನಾನು ತೊಡಗಿದ್ದೆ. ಮುಖಗಳನ್ನು ಕತ್ತರಿಸಿ ಕೊಡುವ ಎರಡು ಪ್ರೋಗ್ರಾಂಗಳು ಕೈಯಲ್ಲಿದ್ದವು. ಒಂದು ಮ್ಯಾಟ್‌ಲ್ಯಾಬಿನದು, ಇನ್ನೊಂದು ಪೈಥಾನಿನದು. ಒಂದೇ ಫೋಟೋ, ಒಂದೇ ಐದು ಬಿಂದು ಕೊಟ್ಟರೂ ಅವು ಕೊಟ್ಟ ಮುಖಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುತ್ತಿರಲಿಲ್ಲ. ಮೊದಲು ಕಂಡದ್ದು ದೊಡ್ಡ ವ್ಯತ್ಯಾಸ, ಅಡ್ಡಕ್ಕೆ ಸುಮಾರು ಎಂಟು ಪಿಕ್ಸೆಲ್. ಅದನ್ನು ಕಳೆದ ಮೇಲೂ ಇನ್ನೇನೋ ಸಣ್ಣದೊಂದು ಉಳಿಯಿತು. ಆ ಹತ್ತು ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಕಡತಗಳಲ್ಲಿ ಹಿಂದಕ್ಕೆ ಹೋಗುತ್ತ ಹೋದದ್ದು ಹೀಗೆ.

ಎಂಟು ತನ್ನ ಗುಟ್ಟನ್ನು ಬೇಗ ಬಿಟ್ಟುಕೊಟ್ಟಿತು. 2018ರಲ್ಲಿ ಬೆಳಕಿಗೆ ಬಂದ ಆರ್ಕ್‌ಫೇಸ್ ವಿಧಾನದ ಜೊತೆಗೆ ಹೊರಬಿದ್ದ ಇನ್‌ಸೈಟ್‌ಫೇಸ್ ಕೋಡಿನಲ್ಲಿ ಮೊದಲು ಇದ್ದದ್ದು 38.2946 ಅಲ್ಲ, 30.2946. ಅದರ ಕೆಳಗೆ ಈ ಎರಡು ಸಾಲು:

```python
if image_size[1] == 112:
    src[:, 0] += 8.0
```

ಅಂದರೆ ಅಡ್ಡ ಅಳತೆಗಳಿಗೆಲ್ಲ ಎಂಟು ಕೂಡಿಸಿ, ಲಂಬ ಅಳತೆಗಳನ್ನು ಮುಟ್ಟಬೇಡಿ. ಹೀಗೇಕೆಂದರೆ ಮೂಲ ಚೌಕಟ್ಟು ಚೌಕವೇ ಆಗಿರಲಿಲ್ಲ. ಆರ್ಕ್‌ಫೇಸ್‌ಗೆ ಹಿಂದಿನ ವರ್ಷ, 2017ರಲ್ಲಿ, ಸ್ಫಿಯರ್‌ಫೇಸ್ ಎಂಬ ವಿಧಾನ ಪ್ರಕಟವಾಗಿತ್ತು. ಅದರ ಮ್ಯಾಟ್‌ಲ್ಯಾಬ್ ಕಡತದಲ್ಲಿ ಇದು ಹೀಗಿದೆ:

```matlab
imgSize = [112, 96];
coord5points = [30.2946, 65.5318, 48.0252, 33.5493, 62.7299; ...
                51.6963, 51.5014, 71.7366, 92.3655, 92.2041];
Tfm = cp2tform(facial5points', coord5points', 'similarity');
```

112 ಎತ್ತರ, 96 ಅಗಲ. 2016ರ ಸೆಂಟರ್ ಲಾಸ್ ಪ್ರಬಂಧದಲ್ಲೂ ಮುಖಗಳ ಅಳತೆ ಇದೇ. ಆ ಉದ್ದನೆಯ ಆಯತವನ್ನು ಚೌಕ ಮಾಡಬೇಕಾದಾಗ ಎಡಕ್ಕೆ ಎಂಟು, ಬಲಕ್ಕೆ ಎಂಟು ಕಂಬಸಾಲು ಸೇರಿಸಿದರು. ಎತ್ತರ ಮೊದಲೇ 112 ಇದ್ದುದರಿಂದ ಲಂಬ ಅಳತೆಗಳಿಗೆ ಏನೂ ಆಗಲಿಲ್ಲ. ಇಂದು ಎಲ್ಲರೂ ಬಳಸುವ ಚೌಕದಲ್ಲಿ ಕಿವಿಗಳ ಪಕ್ಕದಲ್ಲಿ ಅಷ್ಟು ಜಾಗ ಬಿದ್ದಿದ್ದರೂ ಗಲ್ಲ ಕೆಳ ಅಂಚಿಗೆ ತಾಕುವಂತೆ ಕಾಣುವುದಕ್ಕೆ ಕಾರಣ ಇದು. ಬಾಯಿ 92ನೇ ಸಾಲಿನಲ್ಲಿದ್ದರೆ ಅದರ ಕೆಳಗೆ ಉಳಿಯುವುದು ಇಪ್ಪತ್ತೇ ಸಾಲು.

ಇನ್‌ಸೈಟ್‌ಫೇಸ್ ಕಡತಗಳ ಹೊಸ ರೂಪದಲ್ಲಿ ಇನ್ನೊಂದು ಎಂಟು ಇದೆ. ಚಿತ್ರದ ಅಳತೆ 112ರ ಗುಣಕವಾಗಿರದಿದ್ದರೆ ಕೋಡು ಅದನ್ನು 128ರ ಲೆಕ್ಕದಲ್ಲಿ ಹಿಡಿದು, ಅಡ್ಡಕ್ಕೆ ಮತ್ತೆ ಎಂಟು ಕೂಡಿಸುತ್ತದೆ. 112ರಿಂದ 128ಕ್ಕೆ ಹೋಗುವಾಗ ಪಕ್ಕಗಳಿಗೆ ಎಂಟೆಂಟು. ಲಂಬವಾಗಿ ಹೆಚ್ಚಿದ ಹದಿನಾರು ಸಾಲು ಪೂರ್ತಿ ಗಲ್ಲದ ಕೆಳಗೆ ಹೋಗುತ್ತದೆ. ಹಾಗಾಗಿ 128ರ ಮುಖ ಎಂದರೆ 112ರ ಮುಖದ ದೊಡ್ಡ ಪ್ರತಿ ಅಲ್ಲ, ಅದೇ ಗಾತ್ರದ ಮುಖಕ್ಕೆ ಅಗಲವಾದ ಚೌಕಟ್ಟು. 128ರ ಚಿತ್ರವನ್ನು ಸುಮ್ಮನೆ 112ಕ್ಕೆ ಕುಗ್ಗಿಸಿ ಬಳಸಿದರೆ ಮುಖ ಎಂಟನೇ ಒಂದು ಪಾಲು ಕಿರಿದಾಗಿ, ಮೇಲಕ್ಕೆ ಸರಿದು ಕೂತಿರುತ್ತದೆ. ಅಂಥದ್ದನ್ನು ಕಂಡುಹಿಡಿಯುವುದು ಸುಲಭ: ಕಣ್ಣುಗಳ ನಡುವಿನ ದೂರ ಅಳೆಯಿರಿ. 35ರ ಆಸುಪಾಸು ಇರಬೇಕಾದ್ದು 31ರ ಹತ್ತಿರ ಬಂದರೆ ಚೌಕಟ್ಟು ಬೆರಕೆಯಾಗಿದೆ ಎಂದರ್ಥ.

ಎಂಟು ತೀರಿತು. ಉಳಿದ ಸಣ್ಣ ವ್ಯತ್ಯಾಸ ಅಳೆದಾಗ ಅದು ಸರಿಯಾಗಿ ಒಂದು ಪಿಕ್ಸೆಲ್ ಇತ್ತು, ಬಲಕ್ಕೆ ಒಂದು, ಕೆಳಕ್ಕೆ ಒಂದು. ಇದು ಎಣಿಕೆಯ ರೂಢಿಯಿಂದ ಬಂದದ್ದು. ಮ್ಯಾಟ್‌ಲ್ಯಾಬ್ ಮೊದಲ ಪಿಕ್ಸೆಲನ್ನು ಒಂದು ಎನ್ನುತ್ತದೆ, ಪೈಥಾನ್ ಸೊನ್ನೆ ಎನ್ನುತ್ತದೆ. ಒಂದರಿಂದ ಎಣಿಸಿದಾಗ 30.2946 ಎನ್ನುವ ಜಾಗ ಸೊನ್ನೆಯಿಂದ ಎಣಿಸಿದಾಗ 29.2946 ಆಗಬೇಕು. ಸಂಖ್ಯೆಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವಾಗ ಹಾಗೇ ಇಟ್ಟುಕೊಂಡರೆ, ಮತ್ತು ಫೋಟೋದ ಬಿಂದುಗಳನ್ನು ಆಯಾ ಭಾಷೆಯ ರೂಢಿಯಲ್ಲೇ ಬರೆದುಕೊಂಡರೆ, ಮುಖ ಒಂದೊಂದು ಪಿಕ್ಸೆಲ್ ಸರಿಯುತ್ತದೆ. ದೊಡ್ಡವರ ಎರಡು ಪಾಪೆಗಳ ನಡುವಿನ ದೂರ ಸರಾಸರಿ 63 ಮಿಲಿಮೀಟರ್ ಎಂದು ಹಿಡಿದರೆ, ಈ ಚೌಕದ ಒಂದು ಪಿಕ್ಸೆಲ್ ಮುಖದ ಮೇಲೆ ಸುಮಾರು 1.8 ಮಿಲಿಮೀಟರ್.

ಇದರಿಂದ ಕೆಡುಕೇನು? ಕಲಿಕೆಯ ಚಿತ್ರಗಳೂ ಪರೀಕ್ಷೆಯ ಚಿತ್ರಗಳೂ ಒಂದೇ ರೀತಿ ಸರಿದಿದ್ದರೆ ಏನೂ ಕೆಡುವುದಿಲ್ಲ. ಮುಖ ಗುರುತಿಸಲು ಕಲಿತ ಜಾಲಕ್ಕೆ ಕಣ್ಣು ಎಂದರೆ ಅದೇ ಜಾಗ ಎಂದು ರೂಢಿಯಾಗಿರುತ್ತದೆ. ಒಂದು ಕಡೆ ಕತ್ತರಿಸಿದ್ದನ್ನು ಇನ್ನೊಂದು ಕಡೆ ಕಲಿತದ್ದಕ್ಕೆ ಕೊಟ್ಟಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ನನ್ನ ಕೆಲಸದಲ್ಲಿ ಆಗುತ್ತಿದ್ದದ್ದು ಅದೇ.

ಸಂಖ್ಯೆಗಳ ವಂಶಾವಳಿ ಇಷ್ಟು ಸಿಕ್ಕ ಮೇಲೆ, ಅವುಗಳ ಮೇಲೆ ಮುಖವನ್ನು ಕೂರಿಸುವ ಲೆಕ್ಕದ ವಂಶಾವಳಿಯನ್ನೂ ನೋಡಬೇಕೆನಿಸಿತು. ಆ ಲೆಕ್ಕದ ಹೆಸರು ಸಮರೂಪ ಪರಿವರ್ತನೆ. ಶಾಲೆಯ ಸಮರೂಪ ತ್ರಿಭುಜಗಳ ಸಮರೂಪವೇ ಇದು: ಕೋನಗಳು ಬದಲಾಗುವುದಿಲ್ಲ, ಬಾಹುಗಳ ಅನುಪಾತ ಬದಲಾಗುವುದಿಲ್ಲ, ಗಾತ್ರ ಮತ್ತು ಜಾಗ ಬದಲಾಗಬಹುದು. ಬೇಕಾಗುವುದು ನಾಲ್ಕೇ ಸಂಖ್ಯೆ. ತಿರುಗುವ ಕೋನ ಒಂದು, ಹಿಗ್ಗುವ ಪ್ರಮಾಣ ಒಂದು, ಅಡ್ಡಕ್ಕೆ ಸರಿಯುವುದು ಒಂದು, ಲಂಬಕ್ಕೆ ಸರಿಯುವುದು ಒಂದು. ಇನ್ನೆರಡು ಸಂಖ್ಯೆ ಸೇರಿಸಿದರೆ ಮುಖವನ್ನು ಅಡ್ಡಕ್ಕೊಂದು ಉದ್ದಕ್ಕೊಂದು ಪ್ರಮಾಣದಲ್ಲಿ ಎಳೆಯಬಹುದು, ಓರೆಯಾಗಿ ಜಾರಿಸಬಹುದು. ಆಗ ಐದು ಬಿಂದುಗಳು ಇನ್ನೂ ಹತ್ತಿರ ಬಂದು ಕೂರುತ್ತವೆ. ಆದರೆ ಕೋಲುಮುಖವೂ ದುಂಡುಮುಖವೂ ಒಂದೇ ಅಚ್ಚಿಗೆ ಬಿದ್ದುಬಿಡುತ್ತವೆ. ಇಬ್ಬರನ್ನು ಬೇರೆ ಮಾಡುವುದು ಯಾವುದೋ ಅದನ್ನೇ ಅಳಿಸಿದಂತೆ. ನನ್ನ ಮಟ್ಟಿಗೆ ನಾಲ್ಕು ಸಂಖ್ಯೆಗಳ ಕಟ್ಟುಪಾಡೇ ಈ ವಿಧಾನದ ಬಲ.

ಐದು ಬಿಂದು ಎಂದರೆ ಹತ್ತು ಅಳತೆ; ಬದಲಾಯಿಸಬಹುದಾದದ್ದು ನಾಲ್ಕು. ಎಲ್ಲವೂ ಒಟ್ಟಿಗೆ ಸರಿಹೊಂದುವುದು ಸಾಧ್ಯವಿಲ್ಲ. ಆದ್ದರಿಂದ ಉಳಿಯುವ ತಪ್ಪುಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆ ಇರಲಿ ಎಂದು ಕೇಳುತ್ತೇವೆ. ಈ ಪ್ರಶ್ನೆಗೆ ಇಂದಿನ ತಂತ್ರಾಂಶಗಳು ಬಳಸುವ ಉತ್ತರ 1991ರ ಏಪ್ರಿಲ್‌ನದು. ಜಪಾನಿನ ಸುಕುಬಾದಲ್ಲಿದ್ದ ಎಲೆಕ್ಟ್ರೋಟೆಕ್ನಿಕಲ್ ಪ್ರಯೋಗಾಲಯದ ಶಿಂಜಿ ಉಮೆಯಾಮಾ ಬರೆದ ಐದು ಪುಟಗಳ ಪ್ರಬಂಧ ಅದು. ಪೈಥಾನಿನ ಸೈಕಿಟ್ ಇಮೇಜ್ ಸಂಗ್ರಹದಲ್ಲಿ ಈ ಲೆಕ್ಕ ಮಾಡುವ ಭಾಗಕ್ಕೆ `_umeyama` ಎಂದೇ ಹೆಸರು.

ಉಮೆಯಾಮಾ ಅವರ ಪ್ರಬಂಧ ಓದಿದರೆ ಅವರು ಪ್ರಶ್ನೆಯನ್ನು ಮೊದಲು ಎತ್ತಿದವರಲ್ಲ ಎಂಬುದು ಗೊತ್ತಾಗುತ್ತದೆ. 1987ರಲ್ಲಿ ಅರುಣ್, ಹುವಾಂಗ್, ಬ್ಲಾಸ್ಟೀನ್ ಮೂವರೂ, ಅದೇ ವರ್ಷ ಮತ್ತು ಮರುವರ್ಷ ಬರ್ತೋಲ್ಡ್ ಹಾರ್ನ್ ಮತ್ತು ಸಂಗಡಿಗರೂ ಉತ್ತರ ಕೊಟ್ಟಿದ್ದರು. ಅವುಗಳಲ್ಲಿ ಮ್ಯಾಟ್ರಿಕ್ಸ್ ಮೂಲಕ ಹೋದ ಉತ್ತರಗಳಿಗೆ ಒಂದು ತೊಂದರೆ ಇತ್ತು. ಬಿಂದುಗಳಲ್ಲಿ ತಪ್ಪು ಹೆಚ್ಚಾದಾಗ ಲೆಕ್ಕ ತಿರುಗಿಸುವುದರ ಬದಲು ಕನ್ನಡಿಯಲ್ಲಿ ಕಂಡಂತೆ ಮಗುಚಿಬಿಡಬಹುದಿತ್ತು. ಉಮೆಯಾಮಾ ಮಾಡಿದ್ದು ಆ ದಾರಿಯನ್ನು ಮುಚ್ಚಿದ್ದು. ಅದಕ್ಕೆ ಅವರು ಕೊಟ್ಟ ಉದಾಹರಣೆ ಮೂರೇ ಬಿಂದುಗಳದು: (0,0), (1,0), (0,2) ಎಂಬ ತ್ರಿಭುಜವನ್ನು (0,0), (−1,0), (0,2) ಎಂಬುದರ ಮೇಲೆ ಕೂರಿಸಬೇಕು. ಒಂದು ಇನ್ನೊಂದರ ಕನ್ನಡಿ ಬಿಂಬ. ಮಗುಚಲು ಬಿಟ್ಟರೆ ತಪ್ಪೇ ಇಲ್ಲದೆ ಕೂರುತ್ತದೆ. ಬಿಡದಿದ್ದರೆ ಅತ್ಯುತ್ತಮ ಉತ್ತರ 0.721 ಪಟ್ಟಿಗೆ ಕುಗ್ಗಿಸಿ 33.7 ಡಿಗ್ರಿ ತಿರುಗಿಸುವುದು. ಕುಗ್ಗಿದ್ದೇಕೆ? ಸರಿಯಾಗಿ ಕೂರಲಾರದ ಆಕೃತಿಯನ್ನು ಕಿರಿದು ಮಾಡಿದಷ್ಟೂ ಅದರ ಮೂಲೆಗಳು ದೂರ ಚಾಚಿ ತಪ್ಪು ಹೆಚ್ಚಿಸುವುದು ಕಡಿಮೆಯಾಗುತ್ತದೆ. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಎಂಜಿನಿಯರುಗಳು ಮುಗಿದು ಮನಃಶಾಸ್ತ್ರಜ್ಞರು ಸಿಗುತ್ತಾರೆ. 1966ರಲ್ಲಿ ಪೀಟರ್ ಶೋನೆಮನ್ ಸೈಕೋಮೆಟ್ರಿಕಾ ಪತ್ರಿಕೆಯಲ್ಲಿ ತಿರುಗುವಿಕೆಯ ಭಾಗ ಬಿಡಿಸಿದರು. 1970ರಲ್ಲಿ ರಾಬರ್ಟ್ ಕ್ಯಾರಲ್ ಜೊತೆ ಸೇರಿ ಹಿಗ್ಗುವಿಕೆ ಮತ್ತು ಸರಿಯುವಿಕೆಯನ್ನೂ ಸೇರಿಸಿದರು. ಅವರ ಮುಂದಿದ್ದದ್ದು ಮುಖಗಳಲ್ಲ, ಪರೀಕ್ಷೆಗಳ ಅಂಕಪಟ್ಟಿಗಳು. ಭೂಮಾಪನದವರು ಇದೇ ನಾಲ್ಕು ಸಂಖ್ಯೆಗಳ ಪರಿವರ್ತನೆಯನ್ನು ಜರ್ಮನಿಯ ಹೆಲ್ಮರ್ಟ್ ಹೆಸರಿನಿಂದ ಕರೆಯುತ್ತಾರೆ. ಒಂದು ನಕ್ಷೆಯ ಗುರುತುಗಳನ್ನು ಇನ್ನೊಂದು ನಕ್ಷೆಗೆ ಹೊಂದಿಸುವುದು ಅವರ ನಿತ್ಯದ ಕೆಲಸ.

ಮುಖಕ್ಕೇ ಸಂಬಂಧಿಸಿದಂತೆ ನನಗೆ ಸಿಕ್ಕ ಹಳೆಯ ದಾಖಲೆ 1878ರದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಆ ವರ್ಷ ನೇಚರ್ ಪತ್ರಿಕೆಯಲ್ಲಿ ಹಲವು ಮುಖಗಳನ್ನು ಒಂದೇ ಫೋಟೋ ತಟ್ಟೆಯ ಮೇಲೆ ಬೆರೆಸುವ ವಿಧಾನ ಬರೆದ. ಕೈದಿಗಳ ಚಿತ್ರಗಳನ್ನು ಕೊಟ್ಟವರು ಜೈಲುಗಳ ಆಡಳಿತ ನೋಡುತ್ತಿದ್ದ ಎಡ್ಮಂಡ್ ಡ್ಯು ಕೇನ್. ಅಪರಾಧಿಯ ಮುಖಕ್ಕೊಂದು ಮಾದರಿ ಇದೆಯೇ ಎಂಬ ಗಾಲ್ಟನ್‌ನ ಹುಡುಕಾಟ ಮನುಷ್ಯರನ್ನು ಮೇಲು ಕೀಳು ಎಂದು ವಿಂಗಡಿಸುವ ಕೆಟ್ಟ ದಾರಿಯದು, ಅದನ್ನು ಮರೆತು ಅವನ ಉಪಕರಣವನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಉಪಕರಣದ ವಿವರ ಮಾತ್ರ ನಮ್ಮ ಜಾಡಿಗೆ ನೇರವಾಗಿ ಸೇರುತ್ತದೆ. ಹಿತ್ತಾಳೆಯ ಅಥವಾ ರಟ್ಟಿನ ಒಂದು ಪಟ್ಟಿ, ನಡುವೆ ಕಿಂಡಿ, ಕಿಂಡಿಗೆ ಅಡ್ಡವಾಗಿಯೂ ಉದ್ದವಾಗಿಯೂ ಒಂದೊಂದು ದಾರ. ಪಟ್ಟಿಯನ್ನು ಫೋಟೋದ ಮೇಲಿಟ್ಟು, ಅಡ್ಡ ದಾರ ಎರಡೂ ಪಾಪೆಗಳ ಮೇಲೆ ಹಾಯುವವರೆಗೆ ತಿರುಗಿಸಬೇಕು. ಆಮೇಲೆ ಉದ್ದದ ದಾರ ಪಾಪೆಗಳ ನಡುವಿನ ಜಾಗವನ್ನು ಸಮನಾಗಿ ಭಾಗ ಮಾಡುವವರೆಗೆ ಸರಿಸಬೇಕು. ಆಗ ಪಟ್ಟಿಯ ಎರಡು ತೂತುಗಳ ಮೂಲಕ ಫೋಟೋಗೆ ಸೂಜಿಯಿಂದ ಚುಚ್ಚಬೇಕು. ಚುಚ್ಚಿದ ಎಲ್ಲ ಫೋಟೋಗಳನ್ನು ಅವೇ ತೂತುಗಳಿಂದ ಒಂದೇ ಜೋಡಿ ಮೊಳೆಗೆ ನೇತುಹಾಕಿದರೆ ಕಣ್ಣುಗಳು ಒಂದರ ಹಿಂದೊಂದು ಬರುತ್ತವೆ. ತಿರುಗಿಸುವುದಾಯಿತು, ಜಾಗಕ್ಕೆ ಕೂರಿಸುವುದಾಯಿತು. ಗಾತ್ರದ ಹೊಂದಾಣಿಕೆ ಮಾತ್ರ ಈ ಪಟ್ಟಿಯಿಂದ ಆಗದು. ಅದಕ್ಕೆ ಫೋಟೋಗಳು ಮೊದಲೇ ಒಂದೇ ಅಳತೆಯವಾಗಿರಬೇಕಿತ್ತು.

ಗಾಲ್ಟನ್ ಕಣ್ಣುಗಳೆರಡನ್ನೇ ನೆಚ್ಚಿದ. ಇಂದು ಐದು ಬಿಂದು ಬಳಸುತ್ತೇವೆ. ವ್ಯತ್ಯಾಸವೆಷ್ಟು ಎಂದು ತಿಳಿಯಲು ಒಂದು ಮುಖವನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ಗುಂಪು ಫೋಟೋವೊಂದರಲ್ಲಿ ತಲೆ ವಾಲಿಸಿ ನಿಂತವರೊಬ್ಬರ ಐದು ಬಿಂದುಗಳು ಇವು ಎಂದುಕೊಳ್ಳಿ: ಕಣ್ಣುಗಳು (406, 302) ಮತ್ತು (474, 320), ಮೂಗಿನ ತುದಿ (434, 352), ಬಾಯಿಯ ಕೊನೆಗಳು (394, 380) ಮತ್ತು (447, 396). ಚಿತ್ರಗಳಲ್ಲಿ ಲಂಬ ಅಳತೆ ಮೇಲಿನಿಂದ ಕೆಳಕ್ಕೆ ಏರುತ್ತದೆ ಎಂಬುದು ನೆನಪಿರಲಿ.

ಮೊದಲ ಹೆಜ್ಜೆ ಎರಡೂ ಗುಂಪಿನ ಸರಾಸರಿ ಬಿಂದು. ಫೋಟೋದ್ದು (431, 350). ಮಾದರಿಯದು (56.0262, 71.9008). ಓಪನ್‌ಸಿವಿ ಸಂಗ್ರಹದ ಮುಖ ಹೊಂದಿಸುವ ಭಾಗದಲ್ಲಿ ಈ ಎರಡು ಸಂಖ್ಯೆಗಳನ್ನು ಮೊದಲೇ ಲೆಕ್ಕ ಹಾಕಿ ಕೋಡಿನಲ್ಲೇ ಬರೆದಿಟ್ಟಿದ್ದಾರೆ, ಮಾದರಿ ಎಂದೂ ಬದಲಾಗದು ಎಂಬ ಭರವಸೆಯಿಂದ. ಪ್ರತಿ ಬಿಂದುವಿನಿಂದ ಅದರ ಗುಂಪಿನ ಸರಾಸರಿ ಕಳೆದರೆ ಜಾಗದ ಪ್ರಶ್ನೆ ಬದಿಗೆ ಸರಿಯುತ್ತದೆ. ಉಳಿಯುವುದು ತಿರುಗುವಿಕೆ ಮತ್ತು ಗಾತ್ರ. ಉಮೆಯಾಮಾ ಅವರ ವಿಧಾನ ಎಷ್ಟು ಆಯಾಮಕ್ಕೂ ಸಲ್ಲುವುದರಿಂದ ಅಲ್ಲಿ ಮ್ಯಾಟ್ರಿಕ್ಸನ್ನು ಒಡೆಯುವ ಭಾರಿ ಲೆಕ್ಕವಿದೆ. ಚಪ್ಪಟೆ ಚಿತ್ರಕ್ಕೆ ಅಷ್ಟು ಬೇಡ, ಮೂರು ಮೊತ್ತ ಸಾಕು:

```python
def similarity(q, p):
    qm, pm = q.mean(0), p.mean(0)
    q0, p0 = q - qm, p - pm
    n = (q0**2).sum()
    a = (q0*p0).sum() / n
    b = (q0[:,0]*p0[:,1] - q0[:,1]*p0[:,0]).sum() / n
    A = np.array([[a, -b], [b, a]])
    return np.c_[A, pm - A @ qm]
```

ಇಲ್ಲಿ `q` ಫೋಟೋದ ಬಿಂದುಗಳು, `p` ಮಾದರಿಯವು. ನಮ್ಮ ಮುಖಕ್ಕೆ `n` 10332 ಬರುತ್ತದೆ, `a` 0.4933, `b` −0.1329. ಇವೆರಡರ ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಗಾತ್ರದ ಪ್ರಮಾಣ 0.511, ಮುಖ ಸುಮಾರು ಅರ್ಧಕ್ಕೆ ಕುಗ್ಗುತ್ತದೆ. ಇವೆರಡರಿಂದ ಸಿಗುವ ಕೋನ −15.1 ಡಿಗ್ರಿ, ವಾಲಿದ್ದ ತಲೆ ಅಷ್ಟು ಹಿಂದಕ್ಕೆ ತಿರುಗುತ್ತದೆ. ಕೊನೆಯ ಸಾಲು, ಫೋಟೋದ ಸರಾಸರಿ ಬಿಂದು ಮಾದರಿಯ ಸರಾಸರಿ ಬಿಂದುವಿನ ಮೇಲೆಯೇ ಬಂದು ಕೂರುವಂತೆ ಸರಿಸುತ್ತದೆ.

ಕೂರಿಸಿದ ಮೇಲೆ ಯಾವ ಬಿಂದು ಎಷ್ಟು ದೂರ ಉಳಿಯಿತು ಎಂದು ನೋಡುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬಾರದು. ಈ ಮುಖದಲ್ಲಿ ಎಡಗಣ್ಣು ಒಂದು ಪಿಕ್ಸೆಲ್ ದೂರದಲ್ಲಿದೆ, ಬಲಗಣ್ಣು ಒಂದರ ಮೂರನೇ ಒಂದು ಭಾಗವೂ ಇಲ್ಲ, ಬಾಯಿಯ ಕೊನೆಗಳು ಮುಕ್ಕಾಲು ಪಿಕ್ಸೆಲ್. ಮೂಗು ಮಾತ್ರ 1.9 ಪಿಕ್ಸೆಲ್ ದೂರ, ಅದೂ ಬಹುಪಾಲು ಬಲಕ್ಕೆ. ಮೂಗು ಮುಖದಿಂದ ಮುಂದಕ್ಕೆ ಚಾಚಿರುವುದರಿಂದ, ತಲೆ ಕೊಂಚ ಪಕ್ಕಕ್ಕೆ ಹೊರಳಿದರೂ ಮೊದಲು ಸರಿಯುವುದು ಅದೇ. ಇವರು ತಲೆ ವಾಲಿಸಿದ್ದಷ್ಟೇ ಅಲ್ಲ, ಚಿತ್ರದ ಬಲಗಡೆಗೆ ಸ್ವಲ್ಪ ತಿರುಗಿಯೂ ಇದ್ದಾರೆ. ವಾಲಿದ್ದನ್ನು ಪರಿವರ್ತನೆ ಸರಿಪಡಿಸಿತು. ಹೊರಳಿದ್ದನ್ನು ಅದು ಸರಿಪಡಿಸಲಾರದು, ಆದರೆ ಮೂಗಿನಲ್ಲಿ ಉಳಿದ ದೂರದ ಮೂಲಕ ನಮಗೆ ತಿಳಿಸುತ್ತದೆ.

ಹೊರಳುವಿಕೆ ಹೆಚ್ಚಾದಾಗ ಎರಡು ಬಿಂದುಗಳಿಗೂ ಐದು ಬಿಂದುಗಳಿಗೂ ಇರುವ ಅಂತರ ಎದ್ದು ಕಾಣುತ್ತದೆ. ಮುಖ ಚಪ್ಪಟೆಯಾಗಿದೆ ಎಂದು ಭಾವಿಸಿ, ಅದು 40 ಡಿಗ್ರಿ ಪಕ್ಕಕ್ಕೆ ಹೊರಳಿದೆ ಎನ್ನೋಣ. ಅಡ್ಡ ಅಳತೆಗಳೆಲ್ಲ 0.766 ಪಟ್ಟಿಗೆ ಇಳಿಯುತ್ತವೆ, ಲಂಬ ಅಳತೆ ಹಾಗೇ ಇರುತ್ತದೆ. ಕಣ್ಣುಗಳನ್ನಷ್ಟೇ ನೋಡಿ ಹೊಂದಿಸಿದರೆ ಕಿರಿದಾದ ಕಣ್ಣಂತರವನ್ನು ಮತ್ತೆ 35ಕ್ಕೆ ಎಳೆಯಲು ಮುಖವನ್ನು ಶೇಕಡಾ 31ರಷ್ಟು ಹಿಗ್ಗಿಸಬೇಕಾಗುತ್ತದೆ. ಆಗ ಬಾಯಿ ಕೆಳ ಅಂಚಿನತ್ತ ಜಾರುತ್ತದೆ, ಗಲ್ಲ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಐದೂ ಬಿಂದು ಸೇರಿಸಿ ಲೆಕ್ಕ ಹಾಕಿದರೆ ಹಿಗ್ಗುವುದು ಶೇಕಡಾ 8 ಮಾತ್ರ, ಏಕೆಂದರೆ ಕಣ್ಣಿನಿಂದ ಬಾಯಿಗಿರುವ ಲಂಬ ದೂರ ಅದನ್ನು ಹಿಡಿದು ನಿಲ್ಲಿಸುತ್ತದೆ. ಗುಂಪು ಫೋಟೋಗಳಲ್ಲಿ ಅಂಚಿನಲ್ಲಿ ನಿಂತವರು ನಡುವಿನವರ ಕಡೆಗೆ ಹೊರಳಿರುವುದೇ ಹೆಚ್ಚು, ಹಾಗಾಗಿ ನನ್ನ ಕೆಲಸಕ್ಕೆ ಇದು ಸಣ್ಣ ವಿಷಯವಾಗಿರಲಿಲ್ಲ.

ಇನ್ನೊಂದು ಕೆಡುಕು ಹೆಸರುಗಳಿಂದ ಬರುತ್ತದೆ. ಎಡಗಣ್ಣು ಎಂದರೆ ಚಿತ್ರದ ಎಡಕ್ಕಿರುವುದೋ, ಆ ವ್ಯಕ್ತಿಯ ಎಡಗಣ್ಣೋ? ಬಿಂದುಗಳನ್ನು ಹುಡುಕಿಕೊಡುವ ಓಪನ್‌ಸಿವಿಯ ಯುನೆಟ್ ಮೊದಲು ಕೊಡುವುದು ವ್ಯಕ್ತಿಯ ಬಲಗಣ್ಣು; ಎದುರು ನೋಡುವ ಮುಖದಲ್ಲಿ ಅದು ಚಿತ್ರದ ಎಡಕ್ಕೇ ಇರುತ್ತದೆ, ಹಾಗಾಗಿ ಬಂದ ಸಾಲಿನಲ್ಲೇ ಬಳಸಿದರೆ ಸರಿ. ಹೆಸರು ನೋಡಿ ಎಡ ಮೊದಲು ಬರಲಿ ಎಂದು ಯಾರಾದರೂ ಅದಲುಬದಲು ಮಾಡಿದರೆ ಕಣ್ಣು, ಬಾಯಿ ಎರಡೂ ತಿರುವುಮುರುವು. ಈಗ ಉಮೆಯಾಮಾ ಅವರ ತ್ರಿಭುಜವನ್ನು ನೆನೆಯಿರಿ. ಮಗುಚಲು ಅವಕಾಶವಿಲ್ಲದ ಲೆಕ್ಕ ಮುಖವನ್ನು ಕುಗ್ಗಿಸುತ್ತದೆ. ಮಾದರಿಯಂತೆಯೇ ಇರುವ ಮುಖವೊಂದರ ಎಡಬಲ ಹೀಗೆ ತಪ್ಪಿದರೆ ಅದು 0.225 ಪಟ್ಟಿಗೆ ಇಳಿಯುತ್ತದೆ, ಕಣ್ಣುಗಳ ನಡುವೆ ಎಂಟೇ ಪಿಕ್ಸೆಲ್ ಉಳಿಯುತ್ತದೆ. ತಲೆ ನೆಟ್ಟಗೇ ಇರುತ್ತದೆ, ಚೌಕದ ನಡುವೆಯೇ ಇರುತ್ತದೆ, ಸುತ್ತ ಭುಜ, ಪಕ್ಕದವರು, ಹಿಂದಿನ ಗೋಡೆ ಎಲ್ಲ ತುಂಬಿರುತ್ತದೆ. ಈ ಲಕ್ಷಣ ಕಂಡರೆ ಬೇರೆ ಕಡೆ ಹುಡುಕುವುದೇ ಬೇಡ.

ಆದರೆ ಸ್ಫಿಯರ್‌ಫೇಸ್‌ನ ಮ್ಯಾಟ್‌ಲ್ಯಾಬ್ ಸಾಲಿನಲ್ಲಿ ಈ ಲಕ್ಷಣ ಕಾಣುವುದಿಲ್ಲ. ಅಲ್ಲಿ ಬರೆದಿರುವುದು `'similarity'`. ಮ್ಯಾಟ್‌ಲ್ಯಾಬಿನ `cp2tform`ನಲ್ಲಿ ಇದಕ್ಕೆ ಮಗುಚುವ ಅನುಮತಿಯೂ ಇದೆ. ಅನುಮತಿ ಇಲ್ಲದ್ದು ಬೇಕೆಂದರೆ `'nonreflective similarity'` ಎಂದು ಬರೆಯಬೇಕು. ಮೊದಲನೆಯದು ಮಗುಚದೆ ಒಮ್ಮೆ, ಮಗುಚಿ ಒಮ್ಮೆ ಲೆಕ್ಕ ಹಾಕಿ, ತಪ್ಪು ಕಡಿಮೆ ಇರುವುದನ್ನು ಆರಿಸಿಕೊಳ್ಳುತ್ತದೆ. ಎಡಬಲ ತಪ್ಪಿದ ಬಿಂದುಗಳನ್ನು ಕೊಟ್ಟರೆ ಸರಿಯಾದ ಗಾತ್ರದ, ಸರಿಯಾದ ಜಾಗದ, ಆದರೆ ಕನ್ನಡಿಯಲ್ಲಿ ಕಂಡಂಥ ಮುಖ ಹೊರಬರುತ್ತದೆ. ಉಳಿದ ದೂರಗಳೂ ಚಿಕ್ಕವೇ. ಅದನ್ನು ಹಿಡಿಯಲು ಇರುವ ದಾರಿ ಪರಿವರ್ತನೆಯ ಮ್ಯಾಟ್ರಿಕ್ಸಿನ ನಿರ್ಧಾರಕದ ಚಿಹ್ನೆ ನೋಡುವುದು, ಋಣವಾಗಿದ್ದರೆ ಮಗುಚಿದೆ. ಫೋಟೋದಲ್ಲಿ ಬೈತಲೆಯೋ, ಕೋಟಿನ ಗುಂಡಿಗಳ ಸಾಲೋ ಕಂಡರೆ ಕಣ್ಣಿಗೂ ಗೊತ್ತಾಗುತ್ತದೆ, ಆದರೆ ಈ ಚೌಕದಲ್ಲಿ ಕೋಟು ಸಿಗುವುದು ಅಪರೂಪ.

ಇಷ್ಟೆಲ್ಲ ಆದರೂ ಆ ಹತ್ತು ಸಂಖ್ಯೆಗಳ ಬಗ್ಗೆ ಒಂದು ಪ್ರಶ್ನೆ ಬಾಕಿ ಇತ್ತು. ಒಂದು ಕಣ್ಣು 51.6963ರಲ್ಲಿ, ಇನ್ನೊಂದು 51.5014ರಲ್ಲಿ ಏಕೆ? ಮಾದರಿ ಮುಖವೆಂದರೆ ಎರಡೂ ಕಣ್ಣು ಸಮನಾಗಿರಬೇಡವೇ? ಮೊದಲಿಗೆ ನನ್ನ ಊಹೆ, ನಿಜವಾದ ಬಹಳ ಮುಖಗಳ ಸರಾಸರಿ ತೆಗೆದಾಗ ಉಳಿದ ಏರುಪೇರು ಇದು ಎಂದು. ಸಂಖ್ಯೆಗಳನ್ನೇ ಸಾಕ್ಷಿಗೆ ಕರೆದೆ.

ಕಣ್ಣುಗಳ ಗೆರೆಯ ಓರೆ: 35.2372ಕ್ಕೆ 0.1949, ಅಂದರೆ 0.317 ಡಿಗ್ರಿ. ಬಾಯಿಯ ಗೆರೆಯ ಓರೆ: 29.1806ಕ್ಕೆ 0.1614. ಅದೂ 0.317 ಡಿಗ್ರಿ. ಎರಡು ಗೆರೆಗಳೂ ಸಮಾಂತರ. ಹಾಗಾದರೆ ಕಣ್ಣುಗಳ ನಡುಬಿಂದುವಿನಿಂದ ಬಾಯಿಯ ನಡುಬಿಂದುವಿಗೆ ಎಳೆದ ಗೆರೆ? ಅದು 40.686 ಕೆಳಗಿಳಿಯುವಾಗ 0.2264 ಬಲಕ್ಕೆ ಸರಿಯುತ್ತದೆ, ಓರೆ 0.319 ಡಿಗ್ರಿ. ಅಂದರೆ ಕಣ್ಣುಗಳ ಗೆರೆಗೆ ಲಂಬವಾಗಿದೆ ಎನ್ನಬಹುದು. ಬಾಯಿಯ ನಡುಬಿಂದು ಆ ಲಂಬದಿಂದ ದೂರವಿರುವುದು ಒಂದು ಪಿಕ್ಸೆಲ್‌ನ ಸಾವಿರ ಭಾಗಗಳಲ್ಲಿ ಒಂದೂವರೆಗಿಂತ ಕಡಿಮೆ. ಮೂಗಿನ ತುದಿ ಅದಕ್ಕಿಂತಲೂ ಹತ್ತಿರ.

ಏರುಪೇರೇ ಇಲ್ಲ. ಇದು ಎಡಬಲ ತದ್ವತ್ತಾದ ಮುಖ, ಪೂರ್ತಿಯಾಗಿ ಡಿಗ್ರಿಯ ಮೂರನೇ ಒಂದು ಭಾಗದಷ್ಟು ವಾಲಿದೆ, ಅಷ್ಟೆ. ಮುಖಗಳ ಸರಾಸರಿ ತೆಗೆದರೆ ಇಷ್ಟು ನಿಖರವಾದ ಸಮ್ಮಿತಿ ತಾನಾಗಿ ಬರುವುದಿಲ್ಲ. ಪ್ರತಿ ಮುಖದ ಜೊತೆ ಅದರ ಕನ್ನಡಿ ಬಿಂಬವನ್ನೂ ಸೇರಿಸಿ ಸರಾಸರಿ ತೆಗೆದರೆ, ಅಥವಾ ಬೇಕೆಂದೇ ಎಡಬಲ ಸಮ ಮಾಡಿದರೆ ಬರುತ್ತದೆ. ಹಾಗೆ ಮಾಡಿದ್ದರೆ ಮೊದಲು ಅದು ನೆಟ್ಟಗಿರಬೇಕು. ನೆಟ್ಟಗಿದ್ದ ಆಕೃತಿ ತನ್ನ ಸಮ್ಮಿತಿಯನ್ನು ಹೀಗೆ ಉಳಿಸಿಕೊಂಡು ವಾಲಬೇಕಾದರೆ ಅದನ್ನು ಯಾರೋ ತಿರುಗಿಸಿ ಬೇರೊಂದು ಬಿಂದುಗಳ ಗುಂಪಿನ ಮೇಲೆ ಕೂರಿಸಿರಬೇಕು, ಕೋನಗಳನ್ನೂ ಅನುಪಾತಗಳನ್ನೂ ಕೆಡಿಸದ ಪರಿವರ್ತನೆಯಿಂದ. ಎಲ್ಲ ಮುಖಗಳನ್ನೂ ಹೊಂದಿಸುವ ಈ ಮಾದರಿ ತಾನೇ ಒಂದು ಸಮರೂಪ ಪರಿವರ್ತನೆಯೊಳಗಿಂದ ಹಾದು ಬಂದದ್ದು ಎಂದು ನಾನು ಓದಿಕೊಂಡಿದ್ದೇನೆ. ದಶಾಂಶದ ನಾಲ್ಕು ಸ್ಥಾನಗಳನ್ನು ಉಳಿಸಿಕೊಂಡದ್ದರಿಂದಲೇ ಆ ಗುರುತು ಅಳಿಯದೆ ಉಳಿಯಿತು.

ಮೇಲೆ ಲೆಕ್ಕ ಹಾಕಿದ ಮುಖದಲ್ಲೂ ಇದು ಸೇರಿಕೊಂಡಿದೆ. ಫೋಟೋದಲ್ಲಿ ಆ ಕಣ್ಣುಗಳ ಗೆರೆಯ ಓರೆ 14.8 ಡಿಗ್ರಿ. ಗೆರೆಯನ್ನು ನೆಟ್ಟಗೆ ಮಾಡಲು ಅಷ್ಟೇ ಸಾಕು. ಕಣ್ಣುಗಳನ್ನು ಈ ಮಾದರಿಯ ಗೆರೆಗೆ ತರಬೇಕೆಂದರೆ ಇನ್ನೂ 0.3 ಡಿಗ್ರಿ ಹೆಚ್ಚು ತಿರುಗಿಸಬೇಕು. 112 ಪಿಕ್ಸೆಲ್ ಅಗಲಕ್ಕೆ ಅದು ಅಂಚಿನಿಂದ ಅಂಚಿಗೆ 0.6 ಪಿಕ್ಸೆಲ್ ಏರಿಳಿತ. ಮಾದರಿಯನ್ನು ನೆಟ್ಟಗೆ ಮಾಡಿಬಿಡೋಣ ಎಂದು ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ ಕೇಳಿದಳು, "ಸರ್, ನಾಲ್ಕು ಸಂಖ್ಯೆ ತಿದ್ದಿದರೆ ಮುಗೀತಲ್ಲ?" ಬೇಡವೆಂದೆ. ಈ ಮಾದರಿಯ ಮೇಲೆ ಕಲಿತ ಜಾಲಗಳಿಗೆ ಬೇಕಾದದ್ದು ವಾಲಿದ ಮುಖವೇ. ನೆಟ್ಟಗೆ ಮಾಡಿದರೆ ಎಣಿಕೆಯ ಒಂದು ಪಿಕ್ಸೆಲ್‌ನಂಥ ಇನ್ನೊಂದು ಬೆರಕೆ ನಾವೇ ಹುಟ್ಟಿಸಿದಂತೆ. ಈಗ ನಮ್ಮ ಸಂಗ್ರಹದಲ್ಲಿ ಕತ್ತರಿಸಿದ ಪ್ರತಿ ಮುಖದ ಜೊತೆ ಯಾವ ಮಾದರಿ, ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ, ಮ್ಯಾಟ್ರಿಕ್ಸಿನ ಆರು ಸಂಖ್ಯೆಗಳು, ಐದು ಬಿಂದುಗಳಲ್ಲಿ ಉಳಿದ ದೂರಗಳು ಇಷ್ಟನ್ನೂ ಬರೆದಿಡುತ್ತೇವೆ. ಮೂಗಿನ ದೂರ ಹೆಚ್ಚಿರುವ ಮುಖಗಳನ್ನು ಬೇರೆ ಕಡತಕ್ಕೆ ಹಾಕಿ, ಅವನ್ನು ಎದುರು ನೋಡುವ ಮುಖಗಳ ಜೊತೆ ಹೋಲಿಸುವಾಗ ಬಂದ ಅಂಕವನ್ನು ಕಣ್ಣಿನಿಂದ ಮತ್ತೊಮ್ಮೆ ನೋಡದೆ ಒಪ್ಪುವುದಿಲ್ಲ.